ಕಪ್ಪು ಮಲ, ಬಾಯಲ್ಲಿ ಲೋಹದ ರುಚಿ: ಎಚ್. ಪೈಲೋರಿ ಮಾತ್ರೆ ಅರ್ಧಕ್ಕೇ ನಿಲ್ಲಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ನಮ್ಮನೆಯವರಿಗೆ 47 ವರ್ಷ, ಅಡಿಕೆ ತೋಟ ಇದೆ. ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ಮಾಡಿಸಿದಾಗ ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣು ಇದೆ, ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಪಾಸಿಟಿವ್ ಅಂದರು. ಜನವರಿ 5ರಿಂದ ದಿನಕ್ಕೆ 13 ಮಾತ್ರೆ ನುಂಗುತ್ತಿದ್ದಾರೆ, 14 ದಿನ ಅಂತ ಬರೆದಿದ್ದಾರೆ. ಇವತ್ತು ಆರನೇ ದಿನ. ಹೊಟ್ಟೆನೋವು ಹೋಗಿದೆ. ಆದರೆ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ಆಗುತ್ತದಂತೆ, ಊಟ ಸೇರುವುದಿಲ್ಲ. ನಿನ್ನೆಯಿಂದ ಮಲ ಕಪ್ಪಗೆ ಹೋಗುತ್ತಿದೆ. ಹುಣ್ಣು ಒಡೆದು ರಕ್ತ ಹೋಗುತ್ತಿದೆಯಾ? ನೋವು ಇಲ್ಲ ಅಂದಮೇಲೆ ಏಳು ದಿನಕ್ಕೇ ನಿಲ್ಲಿಸಿದರೆ ಆಗದಾ? ಪೂರ್ತಿ ಗುಣ ಆಯ್ತು ಅಂತ ತಿಳಿಯಲು ರಕ್ತ ಪರೀಕ್ಷೆ ಸಾಕಾ? ಚೀಟಿಯ ಫೋಟೋ ಕಳಿಸಿದ್ದೇನೆ.

ಉತ್ತರ:

ಮೊದಲು ಮಲದ ವಿಷಯ, ಯಾಕೆಂದರೆ ಅದನ್ನು ಇವತ್ತೇ ನೋಡಬೇಕು. ಚೀಟಿಯಲ್ಲಿ ಬಿಸ್ಮತ್ ಸಬ್‌ಸಿಟ್ರೇಟ್ 120 ಮಿಲಿಗ್ರಾಂ ಅಂತ ಇದೆಯಲ್ಲ, ದಿನಕ್ಕೆ ನಾಲ್ಕು ಸಲದ್ದು, ಅದನ್ನು ತೆಗೆದುಕೊಳ್ಳುವ ಹೆಚ್ಚಿನವರಿಗೆ ಮಲ ಕಪ್ಪಗಾಗುತ್ತದೆ. ಬಿಸ್ಮತ್ ಒಂದು ಲೋಹ. ಹೊಟ್ಟೆಯಿಂದ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಹೆಚ್ಚಿನದೆಲ್ಲ ಕರುಳಿನಲ್ಲೇ ಕೆಳಗೆ ಇಳಿಯುತ್ತದೆ. ಅಲ್ಲಿ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಗಂಧಕದ ಅಂಶ ಇರುವ ಅನಿಲ ಮಾಡುತ್ತಿರುತ್ತವೆ. ಆ ಗಂಧಕವೂ ಬಿಸ್ಮತ್ತೂ ಸೇರಿದರೆ ಬಿಸ್ಮತ್ ಸಲ್ಫೈಡ್ ಆಗುತ್ತದೆ. ಅದರ ಬಣ್ಣವೇ ಕಪ್ಪು. ಕೆಲವರಿಗೆ ಬೆಳಿಗ್ಗೆ ಎದ್ದಾಗ ನಾಲಿಗೆಯ ಮೇಲೂ ಕಪ್ಪು ಪದರ ಕಾಣುತ್ತದೆ, ಕಾರಣ ಅದೇ. ಬ್ರಶ್‌ನಿಂದ ಮೆಲ್ಲಗೆ ಉಜ್ಜಿದರೆ ಸ್ವಲ್ಪ ಹೋಗುತ್ತದೆ, ಉಳಿದದ್ದು ಮಾತ್ರೆ ಮುಗಿದಮೇಲೆ ತಾನಾಗಿ ಹೋಗುತ್ತದೆ.

ಆದರೆ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಅವರಿಗೆ ನಿಜವಾಗಿ ಹುಣ್ಣಿದೆ. ಹುಣ್ಣು ರಕ್ತ ಬಿಟ್ಟರೂ ಮಲ ಕಪ್ಪಗಾಗುತ್ತದೆ. ಹಾಗಾಗಿ "ಮಾತ್ರೆಯಿಂದ ಆಗಿದ್ದು, ಬಿಡಿ" ಅಂತ ಕಣ್ಣು ಮುಚ್ಚಿ ಹೇಳಲು ನನಗೆ ಮನಸ್ಸಿಲ್ಲ. ಎರಡರ ವ್ಯತ್ಯಾಸ ಬಣ್ಣದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಬೇರೆ ಗುರುತುಗಳಲ್ಲಿ ಗೊತ್ತಾಗುತ್ತದೆ. ಬಿಸ್ಮತ್‌ನಿಂದ ಕಪ್ಪಾದ ಮಲ ಮೊದಲಿನ ಹಾಗೇ ಗಟ್ಟಿಯಾಗಿ, ಆಕಾರದಲ್ಲಿ ಇರುತ್ತದೆ. ಒಂದು ಚೊಂಬು ನೀರು ಹಾಕಿದರೆ ಹೋಗುತ್ತದೆ. ವಾಸನೆಯಲ್ಲಿ ಹೊಸದೇನೂ ಇರುವುದಿಲ್ಲ. ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರೋ ಅಷ್ಟೇ ಸಲ. ಹುಣ್ಣಿನ ರಕ್ತದಿಂದ ಕಪ್ಪಾದದ್ದು ಬಿಸಿ ಡಾಂಬರಿನ ಹಾಗೆ ಹೊಳೆಯುತ್ತದೆ, ಅಂಟುತ್ತದೆ, ಕಮೋಡಿಗೆ ಹತ್ತಿದರೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಸಡಿಲವಾಗಿ, ಮೇಲಿಂದ ಮೇಲೆ ಹೋಗುತ್ತದೆ. ವಾಸನೆ ಬಹಳ ಕೆಟ್ಟದು, ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗುತ್ತದೆ.

ಮೈಯ ಗುರುತು ಇನ್ನೂ ಮುಖ್ಯ. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರುವುದು, ತಣ್ಣಗೆ ಬೆವರುವುದು, ಎದೆ ಡವಡವ ಅನ್ನುವುದು, ತೋಟದ ದಿಬ್ಬ ಹತ್ತುವಾಗ ಇಲ್ಲದ ಏದುಸಿರು, ಮುಖ ಬಿಳಿಚುವುದು, ಕಾಫಿ ಚರಟದಂಥ ವಾಂತಿ ಅಥವಾ ರಕ್ತವಾಂತಿ. ಇವುಗಳಲ್ಲಿ ಒಂದು ಇದ್ದರೂ ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಅಂತ ಕಾಯಬೇಡಿ. ಇವು ಯಾವುದೂ ಇಲ್ಲ, ಆದರೂ ಮಲ ನೋಡಿ ಅನುಮಾನ ಉಳಿಯುತ್ತದೆ ಅನ್ನಿಸಿದರೆ ನಾಳೆ ಊರ ಡಾಕ್ಟರ ಹತ್ತಿರ ನಾಡಿ, ಬಿಪಿ ನೋಡಿಸಿ, ಹಿಮೋಗ್ಲೋಬಿನ್ ಮಾಡಿಸಿ. ಎಂಡೋಸ್ಕೋಪಿ ದಿನದ ರಿಪೋರ್ಟ್ ಇದ್ದೇ ಇರುತ್ತದಲ್ವಾ, ಅದರ ಪಕ್ಕ ಇಟ್ಟು ನೋಡಬೇಕು. ಬಿಸ್ಮತ್ ಬಣ್ಣ ಬದಲಿಸುತ್ತದೆಯೇ ಹೊರತು ಹಿಮೋಗ್ಲೋಬಿನ್ ಇಳಿಸುವುದಿಲ್ಲ. ಒಂದು ಮಾತು: ರಕ್ತ ತಕ್ಷಣ ಹೋದಾಗ ಮೊದಲ ಕೆಲವು ಗಂಟೆ ಹಿಮೋಗ್ಲೋಬಿನ್ ಇಳಿದಿರುವುದಿಲ್ಲ. ಆದ್ದರಿಂದ ತಲೆಸುತ್ತು, ಬೆವರು ಇದ್ದಾಗ ರಿಪೋರ್ಟ್ ಚೆನ್ನಾಗಿದೆ ಅಂತ ಮನೆಗೆ ಬರಬೇಡಿ. ಜತೆಗೆ ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರುವ ಯಾವ ಮಾತ್ರೆಯನ್ನೂ ಅವರು ಈಗ ತೆಗೆದುಕೊಳ್ಳಬಾರದು. ಕೊಯ್ಲಿನ ಸಮಯ, ಬೆನ್ನು ನೋವು ಸಹಜ. ಬೇಕಾದರೆ ಪ್ಯಾರಾಸಿಟಮಾಲ್ ಸಾಕು.

ಬಾಯಿ ರುಚಿಯದು ಬೇರೆ ಕಥೆ. ಅದಕ್ಕೆ ಮುಖ್ಯ ಕಾರಣ ಮೆಟ್ರೋನಿಡಜೋಲ್, ಚೀಟಿಯಲ್ಲಿ 400ರದ್ದು ದಿನಕ್ಕೆ ಮೂರು. ಅದು ರಕ್ತದಿಂದ ಜೊಲ್ಲಿಗೂ ಬರುತ್ತದೆ. ಹಾಗಾಗಿ ಎಷ್ಟು ಬಾಯಿ ಮುಕ್ಕಳಿಸಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ರುಚಿ. ಬಿಸ್ಮತ್ತೂ ತನ್ನ ಪಾಲು ಸೇರಿಸುತ್ತದೆ. ಇದು ಅಲರ್ಜಿ ಅಲ್ಲ, ಲಿವರ್ ಕೆಟ್ಟಿದ್ದೂ ಅಲ್ಲ. ಕೊನೆಯ ಮಾತ್ರೆ ಆದ ಕೆಲವು ದಿನಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಹುಳಿ ಒಳ್ಳೆಯ ಉಪಾಯ. ನಿಮ್ಮಲ್ಲಿ ಅಪ್ಪೆಹುಳಿ ಮಾಡುತ್ತೀರಲ್ಲ, ಅದು, ಮುರುಗಲು ಸಾರು, ಬಾಯಲ್ಲಿ ಒಂದು ಚೂರು ನೆಲ್ಲಿಕಾಯಿ, ಯಾವುದಾದರೂ. ಎದೆಯುರಿ ಆಗದಿದ್ದರೆ ಧಾರಾಳವಾಗಿ ಕೊಡಿ. ಬಿಸಿಬಿಸಿ ಊಟಕ್ಕಿಂತ ಆರಿದ ಗಂಜಿ ಒಳಗೆ ಇಳಿಯುತ್ತದೆ. ಮೂತ್ರ ಕೆಂಪು ಕಂದು ಬಣ್ಣಕ್ಕೆ ತಿರುಗಿದರೆ ಅದೂ ಇದೇ ಮಾತ್ರೆಯದು. ಆದರೆ ಕೈಬೆರಳು, ಪಾದ ಜೋಮು ಹಿಡಿದರೆ, ಮೈಮೇಲೆ ದದ್ದು ಎದ್ದರೆ, ಮಾತು ತೊದಲಿದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಇನ್ನು ಮದ್ಯ ಈ ಎರಡು ವಾರವೂ ಬೇಡ, ಮುಗಿದಮೇಲೆ ಮೂರು ದಿನವೂ ಬೇಡ. ಮನೆಯಲ್ಲಿ ಯಾರಾದರೂ ಶಕ್ತಿಗೆ ಅಂತ ಅರಿಷ್ಟ, ಆಸವ ಕೊಡುತ್ತಿದ್ದರೆ ಅದನ್ನೂ ನಿಲ್ಲಿಸಿ, ಅವುಗಳಲ್ಲೂ ಮದ್ಯದ ಅಂಶ ಇರುತ್ತದೆ.

ಈಗ ಏಳು ದಿನಕ್ಕೆ ನಿಲ್ಲಿಸುವ ಮಾತು. ಬೇಡ. ನೋವು ಹೋದದ್ದು ಬ್ಯಾಕ್ಟೀರಿಯಾ ಸತ್ತದ್ದರಿಂದ ಅಂತ ಅಂದುಕೊಳ್ಳಬೇಡಿ. ಹೆಚ್ಚಾಗಿ ಅದು ಎಸೊಮೆಪ್ರಜೋಲ್ ಕೆಲಸ. ಅದು ಆಮ್ಲ ಕಡಿಮೆ ಮಾಡಿದೆ, ಹುಣ್ಣಿಗೆ ಉರಿ ತಾಗುವುದು ನಿಂತಿದೆ. ಎಚ್. ಪೈಲೋರಿ ಮಾತ್ರ ಹೊಟ್ಟೆಯ ಒಳಗೋಡೆಗೆ ಹತ್ತಿದ ಲೋಳೆಯೊಳಗೆ ಹುದುಗಿ ಕೂತಿರುತ್ತದೆ. ಆಮ್ಲ ಜಾಸ್ತಿ ಇದ್ದಾಗ ಅದು ಬೆಳೆಯುವುದನ್ನೇ ನಿಧಾನ ಮಾಡುತ್ತದೆ, ಬೆಳೆಯದ ಬ್ಯಾಕ್ಟೀರಿಯಾಗೆ ಆಂಟಿಬಯೋಟಿಕ್ ಅಷ್ಟು ತಟ್ಟುವುದಿಲ್ಲ. ಆಮ್ಲ ಇಳಿದಾಗ ಅದು ಮತ್ತೆ ಒಂದಕ್ಕೆರಡಾಗಲು ಶುರು ಮಾಡುತ್ತದೆ, ಆಗ ಔಷಧ ಹಿಡಿಯುತ್ತದೆ. ಆಮ್ಲದ ಮಾತ್ರೆ ದಿನಕ್ಕೆ ಎರಡು ಸಲ ಬರೆದಿರುವುದು ಇದಕ್ಕೇ, ಬರೀ ಉರಿಗಲ್ಲ.

ನಮ್ಮ ದೇಶದಲ್ಲಿ ಮೆಟ್ರೋನಿಡಜೋಲನ್ನು ಭೇದಿಗೆ, ಹಲ್ಲುನೋವಿಗೆ ಅಂತ ವರ್ಷಗಟ್ಟಲೆ ನುಂಗಿ ನುಂಗಿ ಅನೇಕರ ಹೊಟ್ಟೆಯ ಎಚ್. ಪೈಲೋರಿ ಅದಕ್ಕೆ ಜಗ್ಗುವುದಿಲ್ಲ. ಹಳೆಯ ಕಿಟ್‌ನಲ್ಲಿದ್ದ ಆಂಟಿಬಯೋಟಿಕ್ ಕ್ಲಾರಿಥ್ರೋಮೈಸಿನ್ ಕಥೆಯೂ ಹಾಗೇ ಆಗಿದೆ. ಅದಕ್ಕೇ ಮೂರು ಮಾತ್ರೆಯ ಹಳೆಯ ಕಿಟ್ ಬಿಟ್ಟು ಈ ನಾಲ್ಕರ ಜೋಡಣೆ ಬರೆಯುವುದು: ಆಮ್ಲದ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್. ಬಿಸ್ಮತ್‌ಗೆ ಬ್ಯಾಕ್ಟೀರಿಯಾ ಹೀಗೆ ಒಗ್ಗಿಕೊಳ್ಳುವುದಿಲ್ಲ. ಟೆಟ್ರಾಸೈಕ್ಲಿನ್‌ಗೂ ಒಗ್ಗಿದ್ದು ಕಡಿಮೆ. ಮೆಟ್ರೋನಿಡಜೋಲ್‌ಗೆ ಒಗ್ಗಿದ್ದರೂ ಪೂರ್ತಿ ಡೋಸ್‌ನಲ್ಲಿ, ಬಿಸ್ಮತ್ ಜತೆ, 14 ದಿನ ಕೊಟ್ಟರೆ ಬಹಳಷ್ಟು ಮಟ್ಟಿಗೆ ಕೆಲಸ ಆಗುತ್ತದೆ. ದಿನ ಕಡಿಮೆ ಮಾಡಿದರೆ ಆ ಲಾಭವೇ ಹೋಗುತ್ತದೆ. ಅರ್ಧಕ್ಕೆ ಬಿಟ್ಟಾಗ ಉಳಿದುಕೊಂಡದ್ದು ಮೊದಲಿಗಿಂತ ಗಟ್ಟಿ. ಮುಂದಿನ ಸಲ ಇದೇ ಔಷಧ ಕೊಡಲು ಆಗದ ಪರಿಸ್ಥಿತಿ ಬರುತ್ತದೆ, ಕೈಯಲ್ಲಿರುವ ಒಳ್ಳೆಯ ಔಷಧಗಳೋ ಬೆರಳೆಣಿಕೆಯವು.

13 ಮಾತ್ರೆಯನ್ನು ದಿನದಲ್ಲಿ ಹೇಗೆ ಹಂಚುವುದು ಅನ್ನುವಲ್ಲೇ ಬಹಳ ಜನ ಎಡವುತ್ತಾರೆ. ನಿಮ್ಮ ಮನೆಯ ಊಟದ ಹೊತ್ತಿಗೆ ಹೊಂದಿಸಿ ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಎಸೊಮೆಪ್ರಜೋಲ್, ಬರೀ ನೀರಿನ ಜತೆ. ಅರ್ಧ ಗಂಟೆ ಬಿಟ್ಟು ದೋಸೆ, ದೋಸೆ ಆದಕೂಡಲೇ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್ ಒಂದೊಂದು. ಮಧ್ಯಾಹ್ನ ಊಟ ಆದಮೇಲೆ ಮತ್ತೆ ಅದೇ ಮೂರು. ಸಂಜೆ ಐದೂವರೆಗೆ ಏನಾದರೂ ತಿಂದು ಬಿಸ್ಮತ್, ಟೆಟ್ರಾಸೈಕ್ಲಿನ್ ಎರಡೇ. ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಎರಡನೇ ಎಸೊಮೆಪ್ರಜೋಲ್, ಊಟ ಆದಮೇಲೆ ಮೂರು. ಒಟ್ಟು ಹದಿಮೂರು ಆಯಿತು. ನಾಲ್ಕನೆಯ ಸಲದ್ದನ್ನು ಮಲಗುವಾಗ ಕೊಡುವ ಪದ್ಧತಿಯೂ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಟೆಟ್ರಾಸೈಕ್ಲಿನ್ ನುಂಗಿ ತಕ್ಷಣ ಅಡ್ಡವಾದರೆ ಕ್ಯಾಪ್ಸೂಲ್ ಅನ್ನನಾಳದಲ್ಲಿ ಸಿಕ್ಕಿಕೊಂಡು ಅಲ್ಲೇ ಸುಡುತ್ತದೆ. ದೊಡ್ಡ ಲೋಟ ನೀರು ಕುಡಿದು ಕನಿಷ್ಠ ಅರ್ಧ ಗಂಟೆ ಕೂತೇ ಇರಬೇಕು. ಚೀಟಿಯಲ್ಲಿ ಹೊತ್ತು ಬೇರೆ ಬರೆದಿದ್ದರೆ ಅವರನ್ನೇ ಒಂದು ಮಾತು ಕೇಳಿ ಬದಲಿಸಿ.

ಟೆಟ್ರಾಸೈಕ್ಲಿನ್‌ಗೆ ಹಾಲು ಆಗದು. ಹಾಲಿನಲ್ಲಿರುವ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಲಸ ಮಾಡಲು ಬಿಡುವುದಿಲ್ಲ. ನಿಮ್ಮ ಕಡೆಯ ಊಟದಲ್ಲಿ ತಂಬುಳಿ, ಕೊನೆಗೆ ಮಜ್ಜಿಗೆ ಅನ್ನ ಇಲ್ಲದೆ ಊಟ ಮುಗಿಯುವುದಿಲ್ಲ, ನನಗೆ ಗೊತ್ತು. ಈ ಎರಡು ವಾರ ಮಾತ್ರೆಯ ಹೊತ್ತಿನ ಊಟದಲ್ಲಿ ಅವು ಬೇಡ. ಮಜ್ಜಿಗೆ ಬೇಕೇ ಬೇಕು ಅಂದರೆ ಬೆಳಗಿನ ಮಾತ್ರೆಗೂ ಮಧ್ಯಾಹ್ನದ್ದಕ್ಕೂ ನಡುವೆ, ಹತ್ತು ಗಂಟೆ ಹೊತ್ತಿಗೆ ಕುಡಿಯಲಿ. ಎರಡೂ ಕಡೆ ಎರಡೆರಡು ಗಂಟೆ ಅಂತರ ಸಿಗುತ್ತದೆ. ಹಾಲಿನ ಚಹಾಕ್ಕೂ, ಕಷಾಯಕ್ಕೂ ಇದೇ ಲೆಕ್ಕ. ಕವಳದ ಸುಣ್ಣವೂ ಕ್ಯಾಲ್ಸಿಯಮ್ಮೇ. ಊಟ, ಮಾತ್ರೆ, ಹಿಂದೆಯೇ ಕವಳ ಅಂತ ಅಭ್ಯಾಸ ಇದ್ದರೆ ಅದನ್ನು ತಪ್ಪಿಸಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿಗೆ ಕುಡಿಯುವ ಬಿಳಿ ಔಷಧ ಕೂಡ ಹೀಗೇ ಅಡ್ಡ ಬರುತ್ತವೆ. ಕಬ್ಬಿಣದ ಮಾತ್ರೆ ಮಲವನ್ನೂ ಕಪ್ಪು ಮಾಡುತ್ತದೆ, ಅದನ್ನು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿರಬೇಕು.

ಇನ್ನೊಂದು, ಅಡಿಕೆ ಒಣಗಿಸುವವರಿಗೆ ಹೇಳಲೇಬೇಕಾದದ್ದು. ಟೆಟ್ರಾಸೈಕ್ಲಿನ್ ಇರುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅಂಗಳದಲ್ಲಿ ನಡು ಮಧ್ಯಾಹ್ನ ಅಡಿಕೆ ಹರಡುವುದು, ತಿರುವುವುದು ಈ ಕೆಲವು ದಿನ ಬೇರೆ ಯಾರಾದರೂ ಮಾಡಲಿ. ಅವರೇ ಮಾಡಬೇಕಾದರೆ ತುಂಬುತೋಳಿನ ಅಂಗಿ, ತಲೆಗೆ ಹಾಳೆಟೊಪ್ಪಿ ಇರಲಿ.

ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಹೊತ್ತಿನದು ಒಟ್ಟಿಗೆ ನುಂಗಬಾರದು. ಒಂದಿಡೀ ದಿನ ಅಥವಾ ಜಾಸ್ತಿ ತಪ್ಪಿದ್ದರೆ ಬರೆದುಕೊಟ್ಟವರಿಗೆ ತಿಳಿಸಿ.

ಗುಣವಾಯಿತಾ ಅಂತ ತಿಳಿಯುವುದು ನಿಮ್ಮ ಕೊನೆಯ ಪ್ರಶ್ನೆ. ನನ್ನ ಲೆಕ್ಕದಲ್ಲಿ ಇಡೀ ಚಿಕಿತ್ಸೆಯಲ್ಲಿ ಹೆಚ್ಚು ಕೈತಪ್ಪುವುದು ಇದೇ. ಮಾತ್ರೆ ಬರೆದ ದಿನವೇ ಪರೀಕ್ಷೆಯ ತಾರೀಖನ್ನೂ ಚೀಟಿಯಲ್ಲಿ ಬರೆಯಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಚೀಟಿಯಲ್ಲಿ ಇಲ್ಲ, ಆದ್ದರಿಂದ ಇಲ್ಲೇ ಲೆಕ್ಕ ಹಾಕೋಣ.

ರಕ್ತ ಪರೀಕ್ಷೆ ಇದಕ್ಕೆ ಬರುವುದಿಲ್ಲ. ಅದು ನೋಡುವುದು ಬ್ಯಾಕ್ಟೀರಿಯಾ ಇದೆಯಾ ಅಂತಲ್ಲ, ಅದರ ವಿರುದ್ಧ ಮೈ ಮಾಡಿಕೊಂಡ ಆಂಟಿಬಾಡಿಯನ್ನು. ಬ್ಯಾಕ್ಟೀರಿಯಾ ಪೂರ್ತಿ ಹೋದಮೇಲೂ ಆಂಟಿಬಾಡಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗುಣವಾದವರು ಆ ರಿಪೋರ್ಟ್ ನೋಡಿ ಮತ್ತೆ 14 ದಿನ ಮಾತ್ರೆ ನುಂಗುವ ಹಾಗೆ ಆಗುತ್ತದೆ. ನಿಮಗೆ ಬೇಕಾದ್ದು ಉಸಿರಿನ ಪರೀಕ್ಷೆ, ಇಲ್ಲವೇ ಮಲದಲ್ಲಿ ಎಚ್. ಪೈಲೋರಿ ಆಂಟಿಜೆನ್ ನೋಡುವ ಪರೀಕ್ಷೆ. ಉಸಿರಿನದು ಯೂರಿಯಾ ಬ್ರೆತ್ ಟೆಸ್ಟ್. ಖಾಲಿ ಹೊಟ್ಟೆಯಲ್ಲಿ ಒಂದು ಚೀಲಕ್ಕೆ ಊದಬೇಕು, ಗುರುತು ಹಾಕಿದ ಯೂರಿಯಾ ಕುಡಿಯಬೇಕು, ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಊದಬೇಕು. ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾ ಒಡೆಯುತ್ತದೆ, ಗುರುತಿನ ಕಾರ್ಬನ್ ಉಸಿರಲ್ಲಿ ಸಿಗುತ್ತದೆ. ಇದು ಎಲ್ಲ ಊರಲ್ಲೂ ಇರುವುದಿಲ್ಲ. ನಿಮ್ಮ ಕಡೆಯವರು ಹೇಗೂ ಹುಬ್ಬಳ್ಳಿಗೆ ಹೋಗುತ್ತೀರಿ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ. ಹೊರಡುವ ಮೊದಲು ಫೋನ್ ಮಾಡಿ ಇದೆಯಾ ಕೇಳಿಕೊಳ್ಳಿ. ಅಷ್ಟು ದೂರ ಬೇಡ ಅಂದರೆ ಮಲದ ಪರೀಕ್ಷೆ ಸಾಕು. ಲ್ಯಾಬಿನವರು ಸ್ಯಾಂಪಲ್ ತೆಗೆದುಕೊಂಡು ಹೊರಗೆ ಕಳಿಸುತ್ತಾರೆ. ಸ್ಯಾಂಪಲ್ ತಂಪಿನಲ್ಲಿ ಹೋಗಬೇಕು, ಭೇದಿ ಆಗುತ್ತಿರುವ ದಿನ ಕೊಡಬಾರದು. "ಆಂಟಿಜೆನ್" ಅಂತ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿ.

ತಾರೀಖು ಹೀಗೆ. ಜನವರಿ 5ಕ್ಕೆ ಶುರುವಾದ 14 ದಿನ ಜನವರಿ 18ರ ರಾತ್ರಿಗೆ ಮುಗಿಯುತ್ತದೆ. ಆಂಟಿಬಯೋಟಿಕ್ ಮತ್ತು ಬಿಸ್ಮತ್ ನಿಂತು ಕಡಿಮೆಯೆಂದರೂ ನಾಲ್ಕು ವಾರ ಕಾಯಬೇಕು. ಅಂದರೆ ಫೆಬ್ರವರಿ 15. ಅದಕ್ಕೂ ಮೊದಲು ಮಾಡಿದರೆ, ಸತ್ತಿಲ್ಲದೆ ಬರೀ ಸೊರಗಿರುವ ಬ್ಯಾಕ್ಟೀರಿಯಾ ಪರೀಕ್ಷೆಗೆ ಸಿಗುವಷ್ಟು ಸಂಖ್ಯೆಯಲ್ಲಿ ಇರುವುದಿಲ್ಲ, ನೆಗೆಟಿವ್ ಅಂತ ಸುಳ್ಳು ಬರುತ್ತದೆ. ಎರಡನೆಯದು ಆಮ್ಲದ ಮಾತ್ರೆ. ಅದೂ ಬ್ಯಾಕ್ಟೀರಿಯಾವನ್ನು ಹೀಗೇ ತಗ್ಗಿಸುತ್ತದೆ, ಆದ್ದರಿಂದ ಪರೀಕ್ಷೆಗೆ ಎರಡು ವಾರ ಮೊದಲು ಅದನ್ನು ನಿಲ್ಲಿಸಿರಬೇಕು. ಎಸೊಮೆಪ್ರಜೋಲ್ ಜನವರಿ ಕೊನೆಗೆ ನಿಂತರೆ ಫೆಬ್ರವರಿ 15ರ ವಾರ ಸರಿ. ಹುಣ್ಣಿಗೆ ಅಂತ ಡಾಕ್ಟರು ಫೆಬ್ರವರಿ 15ರವರೆಗೂ ಅದನ್ನೇ ಮುಂದುವರಿಸಿದರೆ ಪರೀಕ್ಷೆ ಮಾರ್ಚ್ ಮೊದಲ ವಾರಕ್ಕೆ ಹೋಗುತ್ತದೆ. ತಡವಾದರೆ ತೊಂದರೆ ಇಲ್ಲ, ಅವಸರ ಮಾಡಿದರೆ ಮಾತ್ರ ತೊಂದರೆ. ಆಮ್ಲದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಯಾವ ದಿನ ನಿಲ್ಲಿಸಲಿ ಅಂತ ಅವರನ್ನೇ ಕೇಳಿ.

ಈ ಎರಡು ವಾರದಲ್ಲಿ ಜನ ಬೀಳುವ ಹಳ್ಳ ಒಂದಿದೆ. "ಎಸೊಮೆಪ್ರಜೋಲ್ ನಿಲ್ಲಿಸಿದ್ದೇನೆ" ಅನ್ನುತ್ತಾರೆ, ಆದರೆ ಬೆಳಿಗ್ಗೆ ಮೆಡಿಕಲ್ ಶಾಪಿನಿಂದ ತಂದ ಗ್ಯಾಸ್ ಮಾತ್ರೆ ನುಂಗಿರುತ್ತಾರೆ. ಸ್ಟ್ರಿಪ್ ತಿರುಗಿಸಿ ನೋಡಿದರೆ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್. ಕೊನೆಯಲ್ಲಿ "ಪ್ರಜೋಲ್" ಅಂತ ಇದ್ದರೆ ಅದೂ ಅದೇ ಗುಂಪಿನದು, ಜತೆಗೆ ಡಾಂಪೆರಿಡೋನ್ ಸೇರಿಸಿದ್ದರೂ ಅಷ್ಟೇ. ಮಾತ್ರೆ ನಿಂತ ಮೊದಲ ಕೆಲವು ದಿನ ಉರಿ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಅದಕ್ಕೆ ಹೆದರಿ ಮತ್ತೆ ಶುರು ಮಾಡಬೇಡಿ. ಬಿಳಿ ಆಂಟಾಸಿಡ್ ಔಷಧ ಕುಡಿಯಬಹುದು, ಪರೀಕ್ಷೆಯ ಹಿಂದಿನ ದಿನದಿಂದ ಅದೂ ಬೇಡ. ನೋವು ತಡೆಯಲಾಗದಷ್ಟು ಇದ್ದರೆ ಡಾಕ್ಟರನ್ನು ಕಾಣಿ. ಇದರ ಮಧ್ಯೆ ಕೆಮ್ಮಿಗೋ ಹಲ್ಲಿಗೋ ಬೇರೆ ಆಂಟಿಬಯೋಟಿಕ್ ತೆಗೆದುಕೊಂಡರೆ ನಾಲ್ಕು ವಾರದ ಎಣಿಕೆ ಅಲ್ಲಿಂದ ಮತ್ತೆ ಶುರು.

ರಿಪೋರ್ಟ್ ಓದುವಾಗ ಒಂದು ಸೂಕ್ಷ್ಮ ಇದೆ. ಆಮ್ಲದ ಮಾತ್ರೆ ನಡೆಯುತ್ತಿರುವಾಗ ಬಂದ ನೆಗೆಟಿವ್ ನಂಬುವಂಥದ್ದಲ್ಲ. ಆದರೆ ಅದೇ ಸ್ಥಿತಿಯಲ್ಲಿ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ನಂಬಬಹುದು. ತಗ್ಗಿಸಿದಾಗಲೂ ಸಿಕ್ಕಿದೆ ಅಂದರೆ ಬ್ಯಾಕ್ಟೀರಿಯಾ ಇದ್ದೇ ಇದೆ. ಇನ್ನು ಪರೀಕ್ಷೆ ಸರಿಯಾಗಿ ಮಾಡಿಸಿ ನೆಗೆಟಿವ್ ಬಂದಮೇಲೂ ಹೊಟ್ಟೆ ಉಬ್ಬರ, ತೇಗು ಉಳಿದರೆ ಅದು ಎಚ್. ಪೈಲೋರಿಯದಲ್ಲ, ಬೇರೆ ಕಾರಣ ಹುಡುಕಬೇಕು. ನೋವು ಪೂರ್ತಿ ಹೋಗಿದೆ, ಪರೀಕ್ಷೆ ಯಾಕೆ ಅನ್ನುವುದೂ ಸರಿಯಲ್ಲ. ಹುಣ್ಣು ಮಾಯ್ದು ಬ್ಯಾಕ್ಟೀರಿಯಾ ಉಳಿದರೆ ಹುಣ್ಣು ಮತ್ತೆ ಬರುತ್ತದೆ, ಆಗ ಮೊದಲ ಸೂಚನೆಯೇ ರಕ್ತ ಹೋಗುವುದಾಗಿರಬಹುದು.

ಎಲ್ಲ ಸರಿಯಾಗಿ ತೆಗೆದುಕೊಂಡರೂ ಕೆಲವರಿಗೆ ಪಾಸಿಟಿವ್ ಉಳಿಯುತ್ತದೆ. ಆಗ ಬೇರೆ ಜೋಡಣೆ ಇದೆ. ಮೊದಲ ಸಲ ಏನು ಕೊಟ್ಟಿದ್ದರು, ಎಷ್ಟು ದಿನ ನುಂಗಿದರು, ಎಷ್ಟು ಹೊತ್ತು ತಪ್ಪಿತು ಅನ್ನುವುದರ ಮೇಲೆ ಎರಡನೆಯದನ್ನು ಆರಿಸುತ್ತಾರೆ. ಹಾಗಾಗಿ ಈ ಚೀಟಿ, ಖಾಲಿ ಸ್ಟ್ರಿಪ್‌ಗಳು, ಎಂಡೋಸ್ಕೋಪಿ ರಿಪೋರ್ಟ್ ಮೂರನ್ನೂ ಒಂದು ಕವರಿನಲ್ಲಿ ಹಾಕಿಡಿ, ತಪ್ಪಿದ ಹೊತ್ತುಗಳನ್ನು ಚೀಟಿಯ ಹಿಂದೆ ಬರೆದಿಡಿ. ಜನವರಿ 18 ಕಳೆದು ಒಂದು ವಾರವಾದರೂ ಮಲ ಕಪ್ಪಾಗೇ ಇದ್ದರೆ ಫೆಬ್ರವರಿಯವರೆಗೆ ಕಾಯದೆ ತೋರಿಸಿ, ಆಗ ಅದಕ್ಕೆ ಬಿಸ್ಮತ್ ಕಾರಣ ಅಲ್ಲ.